ಸೊಸೆಯ ಮೊದಲ ಕಾಗದ

ಮದುವೆ ಮುಗಿದ ಮನೆಯಲ್ಲಿ ಲೆಕ್ಕಗಳು ಬೇಗನೆ ಮುಗಿಯುವುದಿಲ್ಲ. ಚಪ್ಪರ ಬಿಚ್ಚಿದ ಮೇಲೆ ಅಡಿಗೆಯವರ ಲೆಕ್ಕ, ಓಲಗದವರ ಲೆಕ್ಕ, ಬಾಡಿಗೆಗೆ ತಂದ ಜಮಖಾನೆಗಳ ಲೆಕ್ಕ ಒಂದೊಂದಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಹಣದಿಂದ ತೀರುವ ಲೆಕ್ಕಗಳು ಇವು, ತಡವಾದರೂ ತೀರುತ್ತವೆ. ಇವುಗಳ ನಡುವೆ ಯಾರೂ ಚೀಟಿ ಬರೆದು ಕೇಳದ ಇನ್ನೊಂದು ಲೆಕ್ಕ ಉಂಟು. ಮೊನ್ನೆಯವರೆಗೆ ಪರಿಚಯವೇ ಇಲ್ಲದ ಇಬ್ಬರು ಹಿರಿಯರು ಮನೆಗೆ ಬಂದ ಹುಡುಗಿಯನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಆ ಹುಡುಗಿ ಬಲ್ಲಳು. ಬಲ್ಲೆನೆಂದು ಅವರಿಗೆ ತಿಳಿಸುವುದು ಹೇಗೆ? ಹೊಸ ಸೊಸೆ ಅತ್ತೆ ಮಾವಂದಿರಿಗೆ ಬರೆಯುವ ಮೊದಲ ಕಾಗದದ ತೊಡಕೆಲ್ಲ ಈ ಪ್ರಶ್ನೆಯಲ್ಲಿದೆ.

ಹಿಂದಿನ ಕಾಲದಲ್ಲಿ ಈ ತೊಡಕನ್ನು ಕಳೆಯುವುದಕ್ಕೆ ಒಂದು ನೆವವಿದ್ದಿತು. ಊರಿಂದ ಊರಿಗೆ ಹೋದವರು ಮುಟ್ಟಿದ ಕೂಡಲೆ ಒಂದು ಕಾಗದ ಹಾಕಬೇಕೆಂಬುದು ನಿಯಮ. "ಸುಖವಾಗಿ ಬಂದು ಸೇರಿದೆವು" ಎಂಬ ಒಂದು ವಾಕ್ಯಕ್ಕಾಗಿ ಹೊರಟ ಆ ಕಾಗದದಲ್ಲಿ ಮಿಕ್ಕ ಜಾಗ ಬೇಕಾದಷ್ಟು ಉಳಿಯುತ್ತಿದ್ದಿತು. ಹೇಳಬೇಕಾದ ಉಪಕಾರದ ಮಾತು ಯಾರ ಕಣ್ಣಿಗೂ ಎದ್ದು ಕಾಣದಂತೆ ಅಲ್ಲಿ ಸೇರಿಕೊಳ್ಳುತ್ತಿದ್ದಿತು. ತಂತಿ 2013ರ ಜುಲೈಯಲ್ಲಿ ನಿಂತೇ ಹೋಯಿತು. ಅದಕ್ಕೂ ಎಷ್ಟೋ ಮೊದಲೇ, ಮುಟ್ಟಿದ ಸುದ್ದಿಯನ್ನು ತಿಳಿಸುವ ಕೆಲಸವನ್ನು ದೂರವಾಣಿ ಕಾಗದದಿಂದ ಕಿತ್ತುಕೊಂಡಿದ್ದಿತು. ಈಗ ಬಸ್ಸು ಇಳಿಯುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ನೆವ ಹೋಯಿತು, ಉಪಕಾರದ ಮಾತು ಮಾತ್ರ ಒಂಟಿಯಾಗಿ ಉಳಿಯಿತು.

ದೂರವಾಣಿಯಲ್ಲೇ ಅದನ್ನೂ ಹೇಳಿಬಿಡಬಾರದೆ ಎಂದು ಕೇಳಬಹುದು. ಹೇಳಲು ಹೋದವರಿಗೆ ಗೊತ್ತು. ಸೊಸೆ ಬಾಯಿತೆರೆದು, "ಅತ್ತೆ, ನೀವು ಆ ದಿನ..." ಎನ್ನುವಷ್ಟರಲ್ಲಿ ಅತ್ತಲಿಂದ, "ಅದೇನು ಮಹಾ! ಊಟವಾಯಿತೆ? ಅಲ್ಲಿ ಮಳೆ ಬಂತೆ?" ಎಂಬ ಉತ್ತರ ಬರುತ್ತದೆ. ಕನ್ನಡದ ಹಿರಿಯರು ಹೊಗಳಿಕೆಯನ್ನು ಎದುರಿಗೆ ನಿಂತು ಕೇಳಲಾರರು. ಅದನ್ನು ಅರ್ಧಕ್ಕೇ ಕಡಿಯುವುದು ಅವರ ಮರ್ಯಾದೆ. ಕಾಗದವನ್ನು ಹಾಗೆ ಅರ್ಧದಲ್ಲಿ ತಡೆಯುವುದಕ್ಕಾಗುವುದಿಲ್ಲ. ಅದು ತನ್ನ ಮಾತನ್ನು ಮುಗಿಸುತ್ತದೆ. ಬೇಕಾದರೆ ಎರಡನೆಯ ಸಲವೂ ಹೇಳುತ್ತದೆ.

ಕಾಗದವೆಂದ ಮೇಲೆ ಶಬ್ದ ಬೇಕು. ಮೊದಲು ಕೈಗೆ ಸಿಕ್ಕುವ ಶಬ್ದ 'ಧನ್ಯವಾದ'. ಸಭೆಯಲ್ಲಿ ಅಧ್ಯಕ್ಷರಿಗೂ ಅಂಗಡಿಯಲ್ಲಿ ಗಿರಾಕಿಗೂ ಸಲ್ಲುವ ಈ ಶಬ್ದ ಮನೆಯ ಹೊಸಿಲನ್ನು ದಾಟಿ ಒಳಗೆ ಬರಲು ಹಿಂಜರಿಯುತ್ತದೆ. ಕಾರಣ ಅದರ ಅರ್ಥದಲ್ಲೇ ಇದೆ. ಇನ್ನೊಬ್ಬರನ್ನು 'ನೀವು ಧನ್ಯರು' ಎಂದು ಕೊಂಡಾಡುವುದೇ ಧನ್ಯವಾದ. ಹಿರಿಯರನ್ನು ಧನ್ಯರೆಂದು ಸಾರುವ ಅಧಿಕಾರ ಕಿರಿಯರಿಗೆಲ್ಲಿಯದು? ಹಿಂದಿನವರು ಇಂಥ ಕಡೆ 'ನಾನು ಧನ್ಯಳಾದೆ' ಎಂದು ಹೇಳಿ, ಶಬ್ದದ ಭಾರವನ್ನು ತಮ್ಮ ಮೇಲೆಯೇ ಹಾಕಿಕೊಳ್ಳುತ್ತಿದ್ದರು. ಮನೆಯವರ ನಡುವೆ ಧನ್ಯವಾದವೆಂಬುದು ಕಿವಿಗೆ ಕಟುವಾಗಿ ಕೇಳುವುದೂ ಇದರಿಂದಲೇ. ಅದನ್ನು ಕೇಳಿದ ಅತ್ತೆಗೆ ತಾನು ಎಲ್ಲಿಯೋ ಹೊರಗಿನವಳಾದೆನೆಂದು ತೋರುವುದು ಸಹಜ.

'ಋಣ' ಎಂಬುದು ಇದಕ್ಕಿಂತ ಹಳೆಯ, ಆಳವಾದ ಶಬ್ದ. ಆದರೆ ಅದನ್ನು ಬಳಸುವಲ್ಲಿಯೂ ಎಚ್ಚರಿಕೆ ಬೇಕು. "ತಮ್ಮ ಋಣ ತೀರಿಸಲಾರೆ" ಎಂದರೆ ಭಕ್ತಿ. "ತಮ್ಮ ಋಣ ತೀರಿಸುತ್ತೇನೆ" ಎಂದರೆ ಅಪಶಕುನ. ಊರು ಬಿಟ್ಟವನು, "ನನಗೂ ಆ ಊರಿಗೂ ಋಣ ತೀರಿತು" ಎನ್ನುತ್ತಾನೆ. ಸತ್ತವರ ವಿಷಯದಲ್ಲಿ, "ಇಲ್ಲಿಯ ಅನ್ನದ ಋಣ ತೀರಿತು" ಎನ್ನುತ್ತಾರೆ. ಕನ್ನಡದಲ್ಲಿ ಋಣ ತೀರುವುದೆಂದರೆ ಸಂಬಂಧ ಹರಿಯುವುದು. ಮನೆಗೆ ಬಂದು ತಿಂಗಳಾಗದ ಸೊಸೆ ಅಂಥ ವಾಕ್ಯವನ್ನು ಬರೆಯಬಾರದು.

ಇನ್ನು ಏತಕ್ಕಾಗಿ ಉಪಕಾರ ಹೇಳಬೇಕು ಎಂಬ ಪ್ರಶ್ನೆ. ಸೀರೆ ಕೊಟ್ಟರು, ಬಳೆ ಕೊಟ್ಟರು ಎಂದು ಪಟ್ಟಿ ಮಾಡುವುದು ಸುಲಭ. ಆದರೆ ಮದುವೆಯಲ್ಲಿ ಕೈ ಬದಲಾಗುವ ವಸ್ತುಗಳಿಗೆ ಕನ್ನಡನಾಡಿನಲ್ಲಿ ಬೇರೆಯೇ ಒಂದು ಶಾಸ್ತ್ರವಿದೆ. ಛತ್ರದ ಬಾಗಿಲ ಬಳಿ ಒಂದು ಮೇಜು. ಮೇಜಿನ ಹಿಂದೆ ಅಕ್ಷರ ದುಂಡಾದ ಒಬ್ಬ ನೆಂಟ. ಅವನ ಮುಂದೆ ಒಂದು ಪುಸ್ತಕ. ಹೆಸರು, ಊರು, ಮೊತ್ತ. ನೂರಕ್ಕೆ ಒಂದು ಸೇರಿಸಿ 101, ಐನೂರಕ್ಕೆ ಒಂದು ಸೇರಿಸಿ 501. ಇದು ಮುಯ್ಯಿ. ಈ ಪುಸ್ತಕ ಗೃಹಸ್ಥನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಮುಯ್ಯಿ ಮಾಡಿದವರ ಮನೆಯಿಂದ ಲಗ್ನಪತ್ರಿಕೆ ಬಂದಾಗ ಅದನ್ನು ತೆರೆದು ನೋಡುತ್ತಾರೆ. ಅಷ್ಟನ್ನೋ ಅದಕ್ಕಿಂತ ಸ್ವಲ್ಪ ಹೆಚ್ಚನ್ನೋ ಹಿಂದಿರುಗಿಸುತ್ತಾರೆ. ಉಡುಗೊರೆಗೂ ಸೇಡಿಗೂ ಕನ್ನಡದಲ್ಲಿ ಒಂದೇ ಶಬ್ದ: ಮುಯ್ಯಿ ಮಾಡುವುದು ಒಂದು, ಮುಯ್ಯಿ ತೀರಿಸಿಕೊಳ್ಳುವುದು ಇನ್ನೊಂದು. ಎರಡರಲ್ಲಿಯೂ ಇರುವುದು ಪಡೆದದ್ದನ್ನು ಅಳತೆ ತಪ್ಪದೆ ಹಿಂದಕ್ಕೆ ಕೊಡುವ ಭಾವ. ಮುಯ್ಯಿಯ ಪುಸ್ತಕದಲ್ಲಿ ಬರೆಯಬಹುದಾದದ್ದಕ್ಕೆ ಕಾಗದ ಬೇಕಿಲ್ಲ. ಪುಸ್ತಕವೇ ಅದನ್ನು ನೋಡಿಕೊಳ್ಳುತ್ತದೆ. ಅತ್ತೆಮನೆಯ ಸೀರೆ, ಕರಿಮಣಿಗಳೂ ಶಾಸ್ತ್ರದ ಒಂದು ಭಾಗ. ಅವುಗಳಿಗೆ ನಮಸ್ಕಾರವೇ ರಸೀದಿ. ಪುಸ್ತಕದಲ್ಲಿ ಬರೆಯಲಾಗದ್ದು ಯಾವುದೋ ಅದಕ್ಕೆ ಕಾಗದ ಬೇಕು.

ಇದು ಸ್ಪಷ್ಟವಾಗಬೇಕಾದರೆ ಒಂದು ಕಾಗದವನ್ನೇ ನೋಡಬೇಕು.

ಹುಡುಗಿ ತುಮಕೂರಿನವಳು, ಬಯಲುಸೀಮೆಯ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಗಂಡನ ಮನೆ ಶಿರಸಿಯ ಆಚೆ ಅಡಿಕೆ ತೋಟದ ನಡುವಿನ ಒಂದು ಹಳ್ಳಿ. ಅವರು ಹವ್ಯಕರು, ಮನೆಯಲ್ಲಿ ಆಡುವುದು ಹವಿಗನ್ನಡ. ಹುಡುಗನಿಗೆ ಬೆಂಗಳೂರಿನಲ್ಲಿ ಉದ್ಯೋಗ. ವೈಶಾಖದಲ್ಲಿ ತುಮಕೂರಿನ ಛತ್ರವೊಂದರಲ್ಲಿ ಧಾರೆಯಾಯಿತು. ಅಲ್ಲಿಂದ ಶಿರಸಿಗೆ ಹೋಗಿ ವಧೂಪ್ರವೇಶವಾಯಿತು. ಆರು ದಿನ ಆ ಮನೆಯಲ್ಲಿದ್ದು ಹುಡುಗಿ ಗಂಡನೊಡನೆ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಳು. ಬಂದ ಎಂಟೊಂಬತ್ತು ದಿನಗಳ ಮೇಲೆ ಕಾಗದ ಬರೆಯಲು ಕುಳಿತಳು.

ಧಾರೆಯ ದಿನ ಛತ್ರದಲ್ಲಿ ಒಂದು ಪ್ರಸಂಗ ನಡೆದಿದ್ದಿತು. ಹೆಣ್ಣಿನ ತಂದೆ ಎರಡು ಬಸ್ಸಿನ ದಿಬ್ಬಣಕ್ಕೆ ಸಿದ್ಧವಾಗಿದ್ದರು. ಬಂದದ್ದು ಮೂರು ಬಸ್ಸು. ಊರವರು ಪ್ರೀತಿಯಿಂದ ಹೊರಟವರು, ಯಾರನ್ನೂ ತಡೆಯುವಂತಿರಲಿಲ್ಲ. ಮೂರನೆಯ ಪಂಕ್ತಿ ಏಳುವ ಹೊತ್ತಿಗೆ ಹೋಳಿಗೆ ಮುಗಿಯಿತು. ನಾಲ್ಕನೆಯದಕ್ಕೆ ಎಲೆ ಹಾಕುವಾಗ ಪಾಯಸವೂ ಇರಲಿಲ್ಲ. ಬೀಗರಿಗೆ ಬಡಿಸುವಲ್ಲಿ ಕೊರತೆಯಾದರೆ ಅದು ಯಾರ ತಪ್ಪಿನಿಂದಾದರೂ ಹೆಣ್ಣಿನ ತಂದೆಯ ತಪ್ಪೆಂದೇ ಎಣಿಕೆ. ಗಂಡಿನ ಕಡೆಯ ಹಿರಿಯರೊಬ್ಬರು ಕೈಗೆ ನೀರು ಹಾಕಿಕೊಳ್ಳುತ್ತ ಏನನ್ನೋ ಗೊಣಗಿದರು, ಇಬ್ಬರು ನಕ್ಕರು. ಹುಡುಗಿಯ ತಂದೆ ಸೌಟು ಹಿಡಿದು ನಿಂತವರು ನಿಂತೇ ಇದ್ದರು. ಆಗ ಗಂಡಿನ ತಂದೆ, ಮೊದಲನೆಯ ಪಂಕ್ತಿಯಲ್ಲಿ ಊಟಕ್ಕೆ ಏಳಬೇಕಾಗಿದ್ದವರು, "ಆಮೇಲೆ ಕೂರುತ್ತೇನೆ" ಎಂದು ಹೇಳುತ್ತಲೇ ಉಳಿದಿದ್ದವರು, ಒಳಗೆ ಬಂದು ಬೀಗರ ಕೈಯಿಂದ ಸೌಟನ್ನು ತೆಗೆದು ಪಕ್ಕಕ್ಕಿಟ್ಟರು. ಅವರನ್ನು ಎಲೆಯ ಮುಂದೆ ಕೂರಿಸಿ, ತಾವು ಅವರ ಪಕ್ಕದ ಎಲೆಗೆ ಕುಳಿತು, "ಈ ಸೆಕೆಗೆ ಮಜ್ಜಿಗೆ ಅನ್ನವೇ ಹಿತ, ಎರಡು ಸೌಟು ಹಾಕಿ" ಎಂದು ಬಡಿಸುವವನಿಗೆ ಗಟ್ಟಿಯಾಗಿ ಹೇಳಿದರು. ಗೊಣಗಿದವರು ಕೇಳಿಸಿಕೊಂಡರು. ಆ ಪಂಕ್ತಿಯಲ್ಲಿ ಮತ್ತಾರೂ ಸಿಹಿಯ ಮಾತೆತ್ತಲಿಲ್ಲ. ಹುಡುಗಿ ಬಾಗಿಲ ಸಂದಿನಿಂದ ಇದನ್ನು ನೋಡಿದಳು.

ಇಂಥದನ್ನು ಮುಯ್ಯಿಯ ಪುಸ್ತಕದ ಯಾವ ಕಂಬದಲ್ಲಿ ಬರೆಯುವುದು?

ಕಾಗದದ ಮೊದಲನೆಯ ಕರಡು ಕೆಟ್ಟಿತು. ಅವಳು ಶಾಲೆಯಲ್ಲಿ ಕಲಿತದ್ದು ಒಂದೇ ಮಾದರಿ: ಪ್ರವಾಸಕ್ಕೆ ಹಣ ಬೇಡಿ ತಂದೆಗೆ ಬರೆಯುವ ಪರೀಕ್ಷೆಯ ಪತ್ರ. ಆ ಮಾದರಿಯಲ್ಲಿ "ತೀರ್ಥರೂಪರವರಿಗೆ ಸಾಷ್ಟಾಂಗ ನಮಸ್ಕಾರಗಳು" ಎಂದು ಆರಂಭಿಸಿದಳು. ತೀರ್ಥರೂಪರೆಂದರೆ ಹೆತ್ತ ತಂದೆ. ಮಾವನು ತೀರ್ಥರೂಪ ಸಮಾನ. ಈ 'ಸಮಾನ' ಎಂಬ ಮೂರಕ್ಷರ ಅಡ್ಡಗೋಡೆಯಂತೆ ಕಂಡರೂ ಅದರಲ್ಲಿ ವಿವೇಕವಿದೆ. ಹೆತ್ತವರ ಸ್ಥಾನವನ್ನು ಅವರಿಗೇ ಉಳಿಸಿ, ಅದರ ಪಕ್ಕದಲ್ಲಿ ಇನ್ನೊಂದು ಪೀಠವನ್ನು ಅದು ಹಾಕುತ್ತದೆ. ಎಂಟು ಅಂಗಗಳೂ ನೆಲಕ್ಕೆ ತಾಗುವ ಸಾಷ್ಟಾಂಗವು ಗಂಡಸರದು; ಹೆಂಗಸರು ಮೊಳಕಾಲೂರಿ ಮಾಡುವುದು ಪಂಚಾಂಗ ನಮಸ್ಕಾರ. ಮಾದರಿಯನ್ನು ಬರೆದವರು ಹೆಣ್ಣುಮಕ್ಕಳನ್ನು ನೆನೆದಿರಲಿಲ್ಲ. ಇವು ಸಣ್ಣ ತಪ್ಪುಗಳು, ತಿದ್ದಿದರೆ ಮುಗಿಯಿತು.

ದೊಡ್ಡ ತಪ್ಪುಗಳು ಮುಂದೆ ಇದ್ದವು. "ತಾವಿಬ್ಬರೂ ನನ್ನನ್ನು ಮಗಳಂತೆ ನೋಡಿಕೊಂಡಿರಿ" ಎಂದು ಬರೆದಳು. ಯಾವ ಮನೆಯ ಯಾವ ಸೊಸೆ ಬರೆದರೂ ಒಪ್ಪುವ ವಾಕ್ಯವದು. ಓದಿದವರು ಸಂತೋಷಪಡುತ್ತಾರೆ, ಮರುದಿನ ಮರೆಯುತ್ತಾರೆ. ಇಬ್ಬರಿಗೂ ಸೇರಿಸಿ ಹೇಳಿದ್ದರಿಂದ ಇಬ್ಬರಲ್ಲಿ ಯಾರಿಗೂ ಅದು ಮುಟ್ಟುವಂತಿರಲಿಲ್ಲ. ಅದರ ಕೆಳಗೆ, "ಮದುವೆಯ ದಿನ ನಮ್ಮ ಕಡೆಯಿಂದಾದ ಕೊರತೆಗಳನ್ನು ಮನ್ನಿಸಬೇಕು" ಎಂದು ಬರೆದಳು. ಹೆಣ್ಣಿನ ಕಡೆಯವರು ಬೀಗರನ್ನು ಬೀಳ್ಕೊಡುವಾಗ ಆಡುವ ವಾಡಿಕೆಯ ಮಾತು ಇದು. ಬರೆದ ಮೇಲೆ ಅವಳ ಲೇಖನಿ ನಿಂತಿತು.

ಆ ಮನೆಯಲ್ಲಿ ಕಾಗದ ಬಂದರೆ ಅದನ್ನು ಓದುವ ಕ್ರಮವನ್ನು ಅವಳು ಆರು ದಿನಗಳಲ್ಲಿ ನೋಡಿದ್ದಳು. ಸಂಜೆ ತೋಟದಿಂದ ಬಂದ ಮಾವ ಜಗುಲಿಯಲ್ಲಿ ಕೂರುತ್ತಾರೆ. ಮೈದುನ ಗಟ್ಟಿಯಾಗಿ ಓದುತ್ತಾನೆ. ಒಳಗಿನಿಂದ ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಿಗೊರಗಿ ಕೇಳುತ್ತಾರೆ. ನೆರೆಮನೆಯವರು ಇದ್ದರೆ ಅವರೂ ಕೇಳುತ್ತಾರೆ. 'ಕೊರತೆ' ಎಂಬ ಶಬ್ದ ಆ ಜಗುಲಿಯ ಮೇಲೆ ಬಿದ್ದರೆ ಏನಾಗುವುದು? ಹೋಳಿಗೆ ಮುಗಿದದ್ದನ್ನು ನೋಡದವರಿಗೂ ಆಗ ಅದು ತಿಳಿಯುವುದು. ನೋಡಿದವರಿಗೆ ಅದು ಹೆಣ್ಣಿನ ಕಡೆಯವರು ತಮ್ಮ ಕೈಯಾರೆ ಬರೆದುಕೊಟ್ಟ ಒಪ್ಪಿಗೆಯ ಪತ್ರವಾಗುವುದು. ಮಾವನವರು ಮಜ್ಜಿಗೆ ಅನ್ನ ಉಂಡು ಮುಚ್ಚಿದ್ದನ್ನು ಸೊಸೆಯ ಕಾಗದವೇ ತೆರೆದಂತಾಗುವುದು. ಮೇಲಾಗಿ ಅವಳ ಮನಸ್ಸಿನ ಮೂಲೆಯಲ್ಲಿ, ಬಸ್ಸು ಮೂರಾದದ್ದು ಯಾರಿಂದ ಎಂಬ ಬಿಸಿಯೂ ಇಲ್ಲದಿರಲಿಲ್ಲ. ಕ್ಷಮೆ ಕೇಳಿದರೆ ತಂದೆಗೆ ಅನ್ಯಾಯ. ಕಾರಣ ಹೇಳಿದರೆ ಮಾವನಿಗೆ ಅನ್ಯಾಯ. ಸುಮ್ಮನಿದ್ದರೆ ತಾನು ಕಂಡದ್ದಕ್ಕೆ ಅನ್ಯಾಯ.

ಇದಕ್ಕೆ ಅವಳು ಕಂಡುಕೊಂಡ ಉಪಾಯ ಬಹಳ ಸರಳ. ಮಾವನವರು ಮಾಡಿದ್ದನ್ನು ಮಾತ್ರ ಹೇಳುವುದು. ಅದನ್ನು ಏಕೆ ಮಾಡಬೇಕಾಯಿತೆಂಬುದನ್ನು ಬಿಡುವುದು. ಪಂಕ್ತಿಯಲ್ಲಿ ಇಬ್ಬರು ಬೀಗರು ಜೊತೆಯಾಗಿ ಉಂಡರೆಂಬುದರಲ್ಲಿ ಕೇಳುವವರಿಗೆ ಸಂತೋಷವಲ್ಲದೆ ಬೇರೇನೂ ಕಾಣದು. ಕಾಣಬೇಕಾದವರಿಗೆ ಎಲ್ಲವೂ ಕಾಣುತ್ತದೆ.

ಅತ್ತೆಯ ಉಪಕಾರ ಬೇರೆ ಬಗೆಯದು. ಅದನ್ನು ಗುರುತಿಸುವುದಕ್ಕೇ ಅವಳಿಗೆ ಕೆಲವು ದಿನ ಹಿಡಿಯಿತು. ವಧೂಪ್ರವೇಶದ ದಿನ ಬಂಧುಗಳೆಲ್ಲ ಹವಿಗನ್ನಡದಲ್ಲಿ ಮಾತನಾಡುತ್ತಿದ್ದರು. ಯಾರೋ ಬಂದು ಆಸರಿಗೆ ಬೇಕೆ ಎಂದು ಕೇಳಿದಾಗ ಅವಳು ಆಸರೆ ಎಂದು ತಿಳಿದು ಬೆಪ್ಪಾಗಿ ನೋಡಿದಳು. ಬಂದವರ ಬಾಯಾರಿಕೆಗೆ ಕೊಡುವ ಪಾನಕ, ಮಜ್ಜಿಗೆ, ಕಷಾಯಗಳಿಗೆ ಅಲ್ಲಿ ಆಸರಿಗೆ ಎಂದು ಹೆಸರು. ಮಕ್ಕಳು ನಕ್ಕವು. ಅತ್ತೆ ನಗಲಿಲ್ಲ. ಅಂದಿನಿಂದ ಆರು ದಿನವೂ ಆ ಹಿರಿಯಾಕೆ ಸೊಸೆಯೊಡನೆ ಪುಸ್ತಕದ ಕನ್ನಡವನ್ನು ಆಡಿದರು. ನಾಲಗೆಗೆ ರೂಢಿಯಿಲ್ಲದ ಆ ಮಾತನ್ನು ಅವರು ತಡೆದು ತಡೆದು, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯಂತೆ ಆಡುತ್ತಿದ್ದರು. ಅಷ್ಟೇ ಆಗಿದ್ದರೆ ಅದು ಅತಿಥಿಗೆ ತೋರಿಸುವ ಮರ್ಯಾದೆ ಎನ್ನಬಹುದಿತ್ತು. ಸೊಸೆ ಒಳಗೆ ಬಂದರೆ ಸಾಕು, ತಮ್ಮ ನಾದಿನಿಯೊಡನೆಯೂ ಮಗಳೊಡನೆಯೂ ಆಡುತ್ತಿದ್ದ ಮಾತನ್ನು ಅರ್ಧದಲ್ಲಿ ಆ ಕನ್ನಡಕ್ಕೆ ತಿರುಗಿಸುತ್ತಿದ್ದರು. ತನ್ನೆದುರಿಗೆ ತನಗೆ ತಿಳಿಯದ ಮಾತನ್ನು ಆಡಿದರೆ ಹೊಸಬಳಿಗೆ ಏನೆನಿಸೀತು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊರಡುವ ದಿನ ಅತ್ತೆ ಮಡಿಲು ತುಂಬಿ, ಒಂದು ಸಣ್ಣ ಭರಣಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಈ ಮಿಡಿ ಹಿತ್ತಿಲಿನ ಮಾವಿನದಲ್ಲ. ಕಾಡಿನ ಹಳ್ಳದ ಬದಿಯ ಮರಗಳದು. ಒಳಗಿನ ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಕೊಳೆಯುತ್ತದೆ. ತೊಟ್ಟು ಮುರಿದರೆ ಸೊನೆ ಹರಿದು ಹೋಗಿ ಪರಿಮಳ ಕೆಡುತ್ತದೆ. ಆದುದರಿಂದ ತೊಟ್ಟು ಸಹಿತ ಬಿಡಿಸಿ, ಉಪ್ಪಿನಲ್ಲಿ ಹಾಕಿ, ಮಿಡಿಗಳು ನೀರು ಬಿಟ್ಟು ಸುಕ್ಕುಗಟ್ಟುವವರೆಗೆ ಕಾದು, ಆ ಉಪ್ಪುನೀರಿನಲ್ಲೇ ಸಾಸಿವೆ ಮೆಣಸುಗಳನ್ನು ಅರೆದು ಬೆರೆಸುತ್ತಾರೆ. ನೀರಿನ ಕೈ ತಾಗಿದರೆ ಮೇಲೆ ಬೂಷ್ಟು ಕಟ್ಟುತ್ತದೆ. ಇವನ್ನೆಲ್ಲ ಅತ್ತೆ ಭರಣಿ ಕೊಡುವಾಗ ಪುಸ್ತಕದ ಕನ್ನಡದಲ್ಲಿಯೇ ಹೇಳಿದ್ದರು.

ಕೊಟ್ಟ ವಸ್ತುವಿಗೆ ಉಪಕಾರ ಹೇಳುವಲ್ಲಿ ಒಂದು ಸೂಕ್ಷ್ಮವಿದೆ. "ಉಪ್ಪಿನಕಾಯಿ ಬಹಳ ಚೆನ್ನಾಗಿದೆ" ಎಂದರೆ ಮುಚ್ಚಳ ತೆಗೆಯದೆಯೂ ಹೇಳಬಹುದಾದ ಮಾತಾಯಿತು. ಕೊಟ್ಟವರಿಗೆ ಬೇಕಾದದ್ದು ಆ ವಸ್ತುವಿನ ಮುಂದಿನ ಕಥೆ. ಭರಣಿ ದಾರಿಯಲ್ಲಿ ಒಡೆಯಿತೆ, ಎಲ್ಲಿ ಇಟ್ಟರು, ಯಾರು ತಿಂದರು, ಎಷ್ಟು ಉಳಿಯಿತು ಎಂಬುದನ್ನು ತಿಳಿಸಿದರೆ ಕೈ ಬಿಟ್ಟುಹೋದ ವಸ್ತು ಮತ್ತೆ ಅವರ ಕಣ್ಣಮುಂದೆ ಬರುತ್ತದೆ. ಸೊಸೆ ಇದನ್ನು ಯಾವ ಪುಸ್ತಕದಿಂದಲೂ ಕಲಿತವಳಲ್ಲ. ತನ್ನ ತಾಯಿ ನೆಂಟರಿಗೆ ತಿಂಡಿ ಕಳುಹಿಸಿ ಅದರ ಸುದ್ದಿಗಾಗಿ ಕಾಯುವುದನ್ನು ನೋಡಿ ತಿಳಿದಿದ್ದಳು.

ಎರಡನೆಯ ಸಲ ಬರೆದ ಕಾಗದ ಹೀಗಿದ್ದಿತು:

॥ ಶ್ರೀ ॥

ಕ್ಷೇಮ

ಬೆಂಗಳೂರು, ಜ್ಯೇಷ್ಠ ಶುದ್ಧ ದಶಮಿ

ತೀರ್ಥರೂಪ ಸಮಾನರಾದ ಮಾವನವರಿಗೂ ಮಾತೃಶ್ರೀ ಸಮಾನರಾದ ಅತ್ತೆಯವರಿಗೂ ಸೊಸೆ ಮಾಡುವ ನಮಸ್ಕಾರಗಳು. ತಮ್ಮ ಆಶೀರ್ವಾದದಿಂದ ನಾವಿಬ್ಬರೂ ಕ್ಷೇಮವಾಗಿದ್ದೇವೆ. ತಮ್ಮೆಲ್ಲರ ಕ್ಷೇಮಸಮಾಚಾರವನ್ನು ಬರೆಸುತ್ತಿರಬೇಕು.

ಮಾವನವರಲ್ಲಿ ವಿಜ್ಞಾಪನೆ. ಧಾರೆಯ ದಿನ ತಾವು ಕೊನೆಯ ಪಂಕ್ತಿಯಲ್ಲಿ ನನ್ನ ತಂದೆಯವರ ಪಕ್ಕದ ಎಲೆಗೆ ಕುಳಿತು ಮಜ್ಜಿಗೆ ಅನ್ನ ಉಂಡದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಂದು ಬೆಳಗಿನಿಂದ ತಂದೆಯವರು ಏನನ್ನೂ ತಿಂದಿರಲಿಲ್ಲ. ತಾವು ಕೂರಿಸಿದ್ದರಿಂದ ಉಂಡರು. ಆ ಊಟವನ್ನು ನಾನು ಮರೆಯುವುದಿಲ್ಲ. ಮಳೆ ಹಿಡಿಯಿತೆಂದು ಕೇಳಿದೆ. ಕೊನೆಗೆ ಮದ್ದು ಹೊಡೆಯುವ ಕೆಲಸದಲ್ಲಿ ತೋಟದಲ್ಲಿ ಜಾರಿಕೆ ಇರುವುದರಿಂದ ತಾವು ಜೋಪಾನವಾಗಿರಬೇಕು.

ಅತ್ತೆಯವರಲ್ಲಿ ವಿಜ್ಞಾಪನೆ. ಭರಣಿ ಒಡೆಯದೆ ಬಂದಿತು. ಬಾಯಿಯ ಬಟ್ಟೆ ಮಾತ್ರ ಸ್ವಲ್ಪ ನೆನೆದು ಚೀಲಕ್ಕೆ ಕೆಂಪು ಕಲೆಯಾಗಿದೆ. ಅದನ್ನು ನಾನು ಒಗೆದಿಲ್ಲ, ಚೀಲ ತೆರೆದರೆ ಅಡಿಗೆಮನೆಯ ವಾಸನೆ ಬರುತ್ತದೆ. ಭರಣಿಯನ್ನು ಒಲೆಯಿಂದ ದೂರ, ಮೇಲಿನ ಗೂಡಿನಲ್ಲಿ ಇಟ್ಟು ಒಣ ಚಮಚದಿಂದ ನಾನೇ ತೆಗೆಯುತ್ತಿದ್ದೇನೆ. ಇವರ ಕೈಗೆ ಕೊಡುವುದಿಲ್ಲ. ಹದಿನಾಲ್ಕು ಮಿಡಿ ಮುಗಿದಿವೆ. ನಾನು ಮೊದಲ ದಿನ ತೊಟ್ಟನ್ನು ಕಿತ್ತು ಎಸೆದೆ. ಇವರು ನಕ್ಕು, ತೊಟ್ಟು ಹಿಡಿದು ಕಚ್ಚಬೇಕೆಂದು ತೋರಿಸಿದರು.

ಅಲ್ಲಿದ್ದಷ್ಟು ದಿನವೂ ತಾವು ನನಗೆ ತಿಳಿಯುವಂತೆ ಮಾತನಾಡಿದಿರಿ. ನಾನಿದ್ದಾಗ ಅತ್ತಿಗೆಯವರೊಡನೆಯೂ ಹಾಗೆಯೇ ಮಾತನಾಡಿದಿರಿ. ಅದರಿಂದ ನಿಮ್ಮ ಮನೆಯಲ್ಲಿ ನನಗೆ ಒಂದು ಗಳಿಗೆಯೂ ಪರಕೀಯತೆ ತೋರಲಿಲ್ಲ. ಈಗ ಇಲ್ಲಿ ನಮ್ಮ ಮನೆಗೆ ಯಾರು ಬಂದರೂ ಮೊದಲು ಆಸರಿಗೆ ಕೊಡುತ್ತಿದ್ದೇನೆ. ಆ ಶಬ್ದವನ್ನು ಕೇಳಿ ಇವರ ಸ್ನೇಹಿತರು ಬೆಪ್ಪಾಗುತ್ತಾರೆ. ನಾನು ಅರ್ಥ ಹೇಳುತ್ತೇನೆ. ಉಳಿದ ಮಾತುಗಳನ್ನೂ ಕಲಿಯಬೇಕೆಂದಿದ್ದೇನೆ. ಶ್ರಾವಣದಲ್ಲಿ ಬಂದಾಗ ತಾವು ನನಗಾಗಿ ತಡೆದು ಮಾತನಾಡಬಾರದೆಂದು ಬೇಡುತ್ತೇನೆ.

ಮನೆಯ ಕಿರಿಯರಿಗೆ ಆಶೀರ್ವಾದ, ಹಿರಿಯರಿಗೆ ನಮಸ್ಕಾರ.

ಇತಿ ತಮ್ಮ ಆಶೀರ್ವಾದವನ್ನು ಬೇಡುವ,
ಸೊಸೆ

ಇದರಲ್ಲಿ ಧನ್ಯವಾದವೆಂಬ ಶಬ್ದ ಇಲ್ಲ, ಋಣವೂ ಇಲ್ಲ, ಮಗಳಂತೆ, ತಾಯಿಯಂತೆ ಎಂಬ ಹೋಲಿಕೆಗಳೂ ಇಲ್ಲ. 'ಕೃತಜ್ಞ' ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಮಾಡಿದ್ದನ್ನು ಅರಿತವನು ಎಂದಷ್ಟೇ ಅರ್ಥ. ಈ ಕಾಗದ ಮಾಡುವುದೂ ಅಷ್ಟೇ. ನೀವು ಇಂಥದನ್ನು ಮಾಡಿದಿರಿ, ಅದು ನನ್ನ ಕಣ್ಣಿಗೆ ಬಿದ್ದಿತು, ಅದರಿಂದ ಹೀಗಾಯಿತು ಎಂದು ಹೇಳುತ್ತದೆ. "ತಂದೆಯವರು ಬೆಳಗಿನಿಂದ ಏನನ್ನೂ ತಿಂದಿರಲಿಲ್ಲ" ಎಂಬ ವಾಕ್ಯದಲ್ಲಿ ದೂರೂ ಇಲ್ಲ, ದೈನ್ಯವೂ ಇಲ್ಲ. ಹೆಣ್ಣು ಹೆತ್ತವನ ಆ ದಿನದ ಪಾಡು ಮಾತ್ರ ಇದೆ.

ಒಂದು ಕಡೆ ಮಾತ್ರ ಲೇಖನಿ ಜಾರಿದೆಯೆಂದು ಸೂಕ್ಷ್ಮಜ್ಞರು ಹೇಳಬಹುದು. "ನಿಮ್ಮ ಮನೆಯಲ್ಲಿ" ಎಂದು ಬರೆದು, ಮುಂದಿನ ಸಾಲಿನಲ್ಲಿಯೇ ಬೆಂಗಳೂರಿನ ಎರಡು ಕೋಣೆಯನ್ನು "ನಮ್ಮ ಮನೆ" ಎಂದಿದ್ದಾಳೆ. ಗಂಡ ಅದನ್ನು ಓದಿ, ತಿದ್ದಬೇಕೆ ಎಂದು ಯೋಚಿಸಿ, ಬಿಟ್ಟನು. ಆರು ದಿನ ಇದ್ದುಬಂದ ಮನೆಯನ್ನು ನಮ್ಮದು ಎನ್ನಲು ಅವಳಿಗೆ ಇನ್ನೂ ಬಾಯಿ ಬಂದಿರಲಿಲ್ಲ. ಬಾರದ ಮಾತನ್ನು ಬರೆಯದಿದ್ದದ್ದೇ ಉಳಿದ ಮಾತುಗಳಿಗೆ ಸಾಕ್ಷಿಯಾಯಿತು.

ಕಾಗದ ಹಳ್ಳಿಗೆ ಮುಟ್ಟಲು ಐದು ದಿನ ಹಿಡಿಯಿತು. ಮಳೆಗೆ ಹಳ್ಳ ಬಂದು ಅಂಚೆಯವನು ಒಂದು ದಿನ ದಾಟಲಾರದೆ ಹೋಗಿದ್ದನು. ಸಂಜೆ ಮೈದುನ ಜಗುಲಿಯಲ್ಲಿ ಓದಿದನು. ಪಂಕ್ತಿಯ ಮಾತು ಬಂದಾಗ ನೆರೆಮನೆಯವರು, "ಬೀಗರು ಒಳ್ಳೆಯ ಸ್ನೇಹಸ್ಥರು" ಎಂದರು. ಮಾವನವರು ಏನೂ ಹೇಳದೆ ಅಡಿಕೆಯನ್ನು ಕತ್ತರಿಸುತ್ತಲೇ ಇದ್ದರು. ಓದು ಮುಗಿದ ಮೇಲೆ ಕಾಗದವನ್ನು ತೆಗೆದುಕೊಂಡು, ತೋಟದ ರಸೀದಿಗಳನ್ನಿಡುವ ಪೆಟ್ಟಿಗೆಯಲ್ಲಿ, ಮುಯ್ಯಿಯ ಪುಸ್ತಕದ ಒಳಗೆ ಮಡಿಸಿ ಇಟ್ಟರು. ಮರುದಿನ ಬೆಳಗ್ಗೆ, ಕರೆ ಸಿಕ್ಕುವ ಗುಡ್ಡದ ನೆತ್ತಿಗೆ ಕೊಡೆ ಹಿಡಿದು ಹತ್ತಿ, ತುಮಕೂರಿನ ಬೀಗರೊಡನೆ ಅಡಿಕೆಯ ಧಾರಣೆ, ಮಳೆ, ಬೆಳೆಗಳ ವಿಷಯವಾಗಿ ಬಹಳ ಹೊತ್ತು ಮಾತನಾಡಿದರೆಂದು ಮೈದುನನಿಂದ ತಿಳಿಯಿತು.

ಅತ್ತೆ ಉತ್ತರ ಬರೆಯಲಿಲ್ಲ. ಭಾನುವಾರ ಮಗನ ದೂರವಾಣಿಗೆ ಕರೆ ಮಾಡಿ, ಅವನು ಮಾತು ಮುಗಿಸುವ ಮೊದಲೇ ಸೊಸೆಯ ಕೈಗೆ ಕೊಡಿಸಿದರು. ಮಿಡಿ ಮುಗಿದ ಮೇಲೆ ಉಳಿಯುವ ರಸವನ್ನು ಚೆಲ್ಲಬಾರದು, ಮಜ್ಜಿಗೆಗೆ ಬೆರೆಸಿಕೊಳ್ಳಬಹುದು ಎಂದರು. ಭರಣಿಯನ್ನು ತೊಳೆದು ಬಿಸಿಲಿಗೆ ಒಣಗಿಸಿ ಶ್ರಾವಣದಲ್ಲಿ ಬರುವಾಗ ತರಬೇಕು, ಮತ್ತೆ ತುಂಬಿಸಬೇಕಾಗಿದೆ ಎಂದರು. ಕಾಗದದ ಮಾತು ಬರಲೇ ಇಲ್ಲ. ಆದರೆ ಈ ಮಾತುಗಳೆಲ್ಲ ಒಂದೇ ಉಸಿರಿಗೆ, ತಡೆಯಿಲ್ಲದೆ, ಹವಿಗನ್ನಡದಲ್ಲಿ ಬಂದವು. ಸೊಸೆಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಊಹಿಸಿಕೊಂಡಳು. ಕೊನೆಯಲ್ಲಿ ಅತ್ತೆ, "ಊಟ ಆತಾ, ಕೂಸೇ?" ಎಂದು ಕೇಳಿದಾಗ ಅವಳು, "ಆತು" ಎಂದಳು.